ಸೆಲ್ಫ್ ಚೆನ್ನಾಗಿ ತಿರುಗುತ್ತದೆ, ಆದರೆ ಚಳಿಯ ಬೆಳಿಗ್ಗೆ ಮಾತ್ರ ಪೆಟ್ರೋಲ್ ಕಾರು ಸ್ಟಾರ್ಟ್ ಆಗುವುದಿಲ್ಲ

ಕಾಫಿತೋಟದವನು | ಜನವರಿ 6, ಬೆಳಿಗ್ಗೆ 9.10

ಮಡಿಕೇರಿಯಿಂದ ಆರೇಳು ಕಿಲೋಮೀಟರ್ ಒಳಗಿರುವ ನಮ್ಮ ಮನೆಯಲ್ಲಿ 2012ರ ಒಂದು ಸಣ್ಣ ಪೆಟ್ರೋಲ್ ಕಾರು ಇದೆ. ಇದುವರೆಗೆ 84,000 ಕಿಲೋಮೀಟರ್ ಓಡಿದೆ. ಡಿಸೆಂಬರ್ ಎರಡನೆಯ ವಾರದಿಂದ ಬೆಳಿಗ್ಗೆ ಆರೂವರೆಗೆ ಕೀ ತಿರುಗಿಸಿದರೆ ಸೆಲ್ಫ್ ಎಂದಿನ ವೇಗದಲ್ಲಿಯೇ ತಿರುಗುತ್ತದೆ, ಬ್ಯಾಟರಿ ಸೋತ ಶಬ್ದ ಸ್ವಲ್ಪವೂ ಇಲ್ಲ, ಆದರೆ ಇಂಜಿನ್ ಹಿಡಿದುಕೊಳ್ಳುವುದಿಲ್ಲ. ಏಳೆಂಟು ಸೆಕೆಂಡುಗಳಂತೆ ಐದಾರು ಸಲ ಹೊಡೆದ ಮೇಲೆ ಒಮ್ಮೆ ಕೆಮ್ಮಿದ ಹಾಗೆ ಶಬ್ದ ಮಾಡಿ, ನಡುಗುತ್ತಾ ಸ್ಟಾರ್ಟ್ ಆಗಿ, ಒಂದೆರಡು ನಿಮಿಷದಲ್ಲಿ ಸರಿಹೋಗುತ್ತದೆ. ಆ ಮೇಲೆ ದಿನವಿಡೀ ತೊಂದರೆಯಿಲ್ಲ. ಶೆಡ್ಡಿನಲ್ಲಿ ತೂಗುಹಾಕಿರುವ ಥರ್ಮಾಮೀಟರಿನ ಪ್ರಕಾರ ಆ ಹೊತ್ತಿಗೆ 11ರಿಂದ 13 ಡಿಗ್ರಿ ಇರುತ್ತದೆ.

ಈವರೆಗೆ ಬ್ಯಾಟರಿ, ನಾಲ್ಕು ಸ್ಪಾರ್ಕ್ ಪ್ಲಗ್, ಏರ್ ಫಿಲ್ಟರ್ ಬದಲಾಗಿವೆ, ಥ್ರಾಟಲ್ ಬಾಡಿಯನ್ನೂ ಕ್ಲೀನ್ ಮಾಡಿಸಿದ್ದೇನೆ. ಇಷ್ಟಾದ ಮೇಲೆ ಗ್ಯಾರೇಜಿನವರು ಟ್ಯಾಂಕಿನೊಳಗಿನ ಪೆಟ್ರೋಲ್ ಮೋಟಾರ್ ಹೋಗಿದೆ, ಬದಲಾಯಿಸಬೇಕು ಎನ್ನುತ್ತಿದ್ದಾರೆ. ಆ ಖರ್ಚಿಗೆ ಕೈಹಾಕುವ ಮೊದಲು ನಿಮ್ಮೆಲ್ಲರ ಅಭಿಪ್ರಾಯ ತಿಳಿಯಬೇಕೆಂದು ಬರೆಯುತ್ತಿದ್ದೇನೆ.

ಪಾನಾ ಗಣಪ | ಜನವರಿ 6, ಬೆಳಿಗ್ಗೆ 10.02

ಗ್ಯಾರೇಜಿನವರು ಹೇಳಿರುವುದು ಸರಿಯಾಗಿಯೇ ಇದೆ ಸರ್. ಆ ಮೋಟಾರಿನ ಜೊತೆಗೆ ಒಂದು ವಾಲ್ವ್ ಇರುತ್ತದೆ, ಗಾಡಿ ನಿಂತ ಮೇಲೆ ಪೈಪಿನಲ್ಲಿರುವ ಪೆಟ್ರೋಲ್ ಟ್ಯಾಂಕಿಗೆ ವಾಪಸ್ ಹೋಗದಂತೆ ಅದು ತಡೆಯುತ್ತದೆ. ಅದು ಸವೆದರೆ ರಾತ್ರಿಯಿಡೀ ಪ್ರೆಷರ್ ಇಳಿದು ಬೆಳಿಗ್ಗೆ ಇಂಜೆಕ್ಟರಿನ ಬಾಯಿಗೆ ಸಾಕಷ್ಟು ಪೆಟ್ರೋಲ್ ಬರುವುದಿಲ್ಲ. ನಮ್ಮಲ್ಲಿ ಇಂಥ ಗಾಡಿ ಬಂದರೆ ಏರ್ ಫಿಲ್ಟರ್ ಪೈಪ್ ಬಿಚ್ಚಿ ಸಿರಿಂಜಿನಲ್ಲಿ ಸ್ವಲ್ಪ ಪೆಟ್ರೋಲ್ ಬಿಡುತ್ತೇವೆ. ಒಂದೇ ಸಲಕ್ಕೆ ಸ್ಟಾರ್ಟ್ ಆಯಿತೆಂದರೆ ಮೋಟಾರ್ ಹೋಗಿದೆ ಎಂದೇ ಅರ್ಥ. ಬೇಕಾದರೆ ನೀವೂ ಮಾಡಿ ನೋಡಬಹುದು.

ಹುಬ್ಬಳ್ಳಿ ಡೀಸೆಲ್ | ಜನವರಿ 6, ಬೆಳಿಗ್ಗೆ 11.30

ನನ್ನ ಗಾಡಿಗೂ ಕಳೆದ ವರ್ಷ ಹೀಗೆಯೇ ಆಗಿತ್ತು. ನಾಲ್ಕು ಗ್ಲೋ ಪ್ಲಗ್‌ಗಳಲ್ಲಿ ಮೂರು ಸುಟ್ಟುಹೋಗಿದ್ದವು, ಬದಲಾಯಿಸಿದ ಮರುದಿನವೇ ಸರಿಹೋಯಿತು. ಮೊದಲು ಅದನ್ನು ನೋಡಿಸಿ.

ಕಾಫಿತೋಟದವನು | ಜನವರಿ 6, ಮಧ್ಯಾಹ್ನ 12.15

ನನ್ನದು ಪೆಟ್ರೋಲ್ ಕಾರು ಸ್ವಾಮಿ, ಇದರಲ್ಲಿ ಗ್ಲೋ ಪ್ಲಗ್ ಎಂಬುದೇ ಇಲ್ಲ.

ಹಳೇ ಚೋಕ್ | ಜನವರಿ 6, ಮಧ್ಯಾಹ್ನ 1.40

ನನ್ನ ಮಾರುತಿ 800ರಲ್ಲಿ ಕಾರ್ಬುರೇಟರ್ ಇದ್ದ ಕಾಲಕ್ಕೆ ಡ್ಯಾಶ್‌ಬೋರ್ಡಿನಲ್ಲಿ ಒಂದು ಗುಂಡಿ ಇರುತ್ತಿತ್ತು. ಚಳಿಗಾಲದ ಬೆಳಿಗ್ಗೆ ಅದನ್ನು ಪೂರ್ತಿ ಎಳೆದು, ಸ್ಟಾರ್ಟ್ ಆದ ಮೇಲೆ ನಿಧಾನವಾಗಿ ಒಳಗೆ ತಳ್ಳುತ್ತಿದ್ದೆವು. ಎಳೆಯಲು ಮರೆತ ದಿನ ಕಾರು ಈಗ ನೀವು ವರ್ಣಿಸಿದ ಹಾಗೆಯೇ ಮಾಡುತ್ತಿತ್ತು: ಸೆಲ್ಫ್ ಹೊಡೆದು ಹೊಡೆದು ಕೊನೆಗೆ ಕೆಮ್ಮುತ್ತಾ ಹಿಡಿದುಕೊಳ್ಳುತ್ತಿತ್ತು. ಈಗಿನ ಕಾರುಗಳಲ್ಲಿ ಆ ಚೋಕಿನ ಕೆಲಸವನ್ನು ಯಾರು ಮಾಡುತ್ತಾರೆ ಎಂದು ತಿಳಿದವರು ಹೇಳಬೇಕು.

ತಂತಿ ಹಿಡಿದವಳು | ಜನವರಿ 6, ರಾತ್ರಿ 8.55

ಹಳೇ ಚೋಕ್ ಅವರ ಪ್ರಶ್ನೆಯೇ ಇಲ್ಲಿಯ ಮುಖ್ಯ ಪ್ರಶ್ನೆ ಎಂದು ನನಗೆ ತೋರುತ್ತದೆ. ನಾನು ಹದಿನೆಂಟು ವರ್ಷಗಳಿಂದ ಕಾರುಗಳ ವೈರಿಂಗ್ ಮತ್ತು ಇಂಜೆಕ್ಷನ್ ಕೆಲಸ ಮಾಡುತ್ತಿದ್ದೇನೆ. ಮೋಟಾರ್ ಬದಲಾಯಿಸುವ ಮೊದಲು ದಯವಿಟ್ಟು ಮೂರು ವಿಷಯ ತಿಳಿಸಿ.

ಮೊದಲನೆಯದು, ಬೆಳಿಗ್ಗೆ ಸೆಲ್ಫ್ ಹೊಡೆಯದೆ ಕೀಯನ್ನು ಆನ್ ಮಾಡಿ ಮೂರು ಸೆಕೆಂಡು ಬಿಟ್ಟು ಆಫ್ ಮಾಡಿ, ಹೀಗೆ ನಾಲ್ಕು ಸಲ ಮಾಡಿ ಆಮೇಲೆ ಸ್ಟಾರ್ಟ್ ಮಾಡಿದರೆ ಏನಾದರೂ ವ್ಯತ್ಯಾಸವಾಗುತ್ತದೆಯೇ? ಪ್ರತಿ ಸಲ ಕೀ ಆನ್ ಆದಾಗ ಮೋಟಾರ್ ಎರಡು ಮೂರು ಸೆಕೆಂಡು ಓಡಿ ಪೈಪಿನಲ್ಲಿ ಪ್ರೆಷರ್ ತುಂಬಿಸುತ್ತದೆ. ಎರಡನೆಯದು, ಕಾರು ಹಗಲು ಎಂಟೊಂಬತ್ತು ಗಂಟೆ ಒಂದೇ ಕಡೆ ನಿಂತಿದ್ದು, ಬಿಸಿಲಿನ ಹೊತ್ತಿನಲ್ಲಿ ಸ್ಟಾರ್ಟ್ ಮಾಡಿದ್ದುಂಟೇ? ಮೂರನೆಯದು, ಐದಾರು ಸಲ ಹೊಡೆದರೂ ಹಿಡಿಯದಿದ್ದಾಗ ಒಂದು ಪ್ಲಗ್ ಬಿಚ್ಚಿ ನೋಡಿದರೆ ಅದು ಒದ್ದೆಯಾಗಿರುತ್ತದೆಯೇ, ಒಣಗಿರುತ್ತದೆಯೇ?

ಗಣಪ ಅವರ ಸಿರಿಂಜಿನ ವಿಧಾನವನ್ನು ಮನೆಯಲ್ಲಿ ಮಾಡಬೇಡಿ. ಗಾಳಿ ಒಳಹೋಗುವ ಪೈಪಿನಿಂದ ಬೆಂಕಿ ಹಿಂದಕ್ಕೆ ಬಂದು ಕೈ ಸುಟ್ಟುಕೊಂಡವರನ್ನು ನಾನು ಕಣ್ಣಾರೆ ನೋಡಿದ್ದೇನೆ.

ಕಾಫಿತೋಟದವನು | ಜನವರಿ 8, ಬೆಳಿಗ್ಗೆ 8.20

ಎರಡು ದಿನ ತೆಗೆದುಕೊಂಡು ನೋಡಿದೆ ಮೇಡಂ. ಕೀಯನ್ನು ನಾಲ್ಕು ಸಲ ಆನ್ ಮಾಡಿ ಆಫ್ ಮಾಡಿದರೂ ಯಾವ ವ್ಯತ್ಯಾಸವೂ ಆಗಲಿಲ್ಲ, ಎರಡು ದಿನವೂ ಐದನೆಯ ಸಲಕ್ಕೇ ಹಿಡಿಯಿತು. ನಿನ್ನೆ ಬೇಕೆಂದೇ ಬೆಳಿಗ್ಗೆ ಏಳರಿಂದ ಸಂಜೆ ನಾಲ್ಕರವರೆಗೆ ಕಾರನ್ನು ಅಂಗಳದಲ್ಲಿ ನಿಲ್ಲಿಸಿದ್ದೆ, ಸಂಜೆ ಮೊದಲ ಸಲಕ್ಕೇ ಸ್ಟಾರ್ಟ್ ಆಯಿತು. ಇಂದು ಬೆಳಿಗ್ಗೆ ಮೂರು ಸಲ ಹೊಡೆದು ನಿಲ್ಲಿಸಿ ಎರಡನೆಯ ಪ್ಲಗ್ ಬಿಚ್ಚಿದೆ, ಅದು ಒಣಗಿತ್ತು, ಪೆಟ್ರೋಲಿನ ವಾಸನೆ ತೀರಾ ಸ್ವಲ್ಪ ಇತ್ತು.

ಇನ್ನೊಂದು ಸಂಗತಿ ಈಗ ನೆನಪಾಯಿತು. ಡಿಸೆಂಬರ್ ಕೊನೆಯಲ್ಲಿ ಸುಳ್ಯದಲ್ಲಿ ನಮ್ಮ ಚಿಕ್ಕಮ್ಮನ ಮಗಳ ಮದುವೆಗೆ ಹೋಗಿ ರಾತ್ರಿ ಅಲ್ಲಿಯೇ ಉಳಿದಿದ್ದೆವು. ಬೆಳಗಿನ ಜಾವ ಐದಕ್ಕೆ ಹೂವು ತರಲು ಹೊರಟಾಗ ಕಾರು ಒಂದೇ ಸಲಕ್ಕೆ ಸ್ಟಾರ್ಟ್ ಆಗಿತ್ತು, ಹಾಗಾಗಿ ಘಾಟಿ ಇಳಿದ ಮೇಲೆ ಅದರ ಸಿಟ್ಟು ಇಳಿಯಿತೆಂದು ಎಲ್ಲರೂ ನಕ್ಕಿದ್ದರು.

ತಂತಿ ಹಿಡಿದವಳು | ಜನವರಿ 8, ರಾತ್ರಿ 9.30

ಸುಳ್ಯದ ಆ ಬೆಳಗು ನಿಮ್ಮ ಹಣ ಉಳಿಸಬಹುದು. ವಾಲ್ವ್ ಸೋರಿ ಪ್ರೆಷರ್ ಇಳಿಯುವುದು ಗಂಟೆಗಳಿಗೆ ಸಂಬಂಧಿಸಿದ ವಿಷಯವೇ ಹೊರತು ಚಳಿಗೆ ಸಂಬಂಧಿಸಿದ್ದಲ್ಲ. ಮಡಿಕೇರಿಯಲ್ಲಿ ರಾತ್ರಿಯಿಡೀ ನಿಂತಾಗ ಇಳಿಯುವ ಪ್ರೆಷರ್ ಸುಳ್ಯದಲ್ಲಿಯೂ ಇಳಿಯಬೇಕಿತ್ತು, ಅಂಗಳದಲ್ಲಿ ಒಂಬತ್ತು ಗಂಟೆ ನಿಂತಾಗಲೂ ಇಳಿಯಬೇಕಿತ್ತು. ನಿಮ್ಮ ಕಾರಿಗೆ ಎಷ್ಟು ಹೊತ್ತು ನಿಂತಿತ್ತೆಂಬುದು ಮುಖ್ಯವಲ್ಲ, ಎಷ್ಟು ತಣ್ಣಗಿತ್ತೆಂಬುದು ಮುಖ್ಯ. ಆದ್ದರಿಂದ ಮೋಟಾರನ್ನು ಸದ್ಯಕ್ಕೆ ಪಕ್ಕಕ್ಕೆ ಇಡೋಣ.

ಪ್ಲಗ್ ಒಣಗಿದೆ ಎಂದರೆ ಪೆಟ್ರೋಲ್ ಸಾಲುತ್ತಿಲ್ಲ ಎಂದು ಅರ್ಥ, ಅಲ್ಲಿಯವರೆಗೆ ಗಣಪ ಅವರ ಊಹೆ ಸರಿ. ತಣ್ಣಗಿನ ಇಂಜಿನಿನಲ್ಲಿ ಇಂಜೆಕ್ಟರ್ ಚಿಮ್ಮಿಸಿದ ಪೆಟ್ರೋಲಿನ ಬಹುಪಾಲು ಆವಿಯಾಗದೆ ಗೋಡೆಗೆ ಅಂಟಿಕೊಳ್ಳುತ್ತದೆ, ಕಿಡಿಗೆ ಹೊತ್ತಿಕೊಳ್ಳುವುದು ಆವಿಯಾದ ಭಾಗ ಮಾತ್ರ. ಅದಕ್ಕಾಗಿಯೇ ಚಳಿಯಲ್ಲಿ ಸ್ಟಾರ್ಟ್ ಮಾಡುವಾಗ ಬಿಸಿ ಇಂಜಿನಿಗೆ ಬೇಕಾದುದರ ಹಲವು ಪಟ್ಟು ಪೆಟ್ರೋಲ್ ಸುರಿಯಬೇಕಾಗುತ್ತದೆ. ಎಷ್ಟು ಸುರಿಯಬೇಕೆಂದು ತೀರ್ಮಾನಿಸುವುದು ಇಸಿಯು ಎಂಬ ಇಂಜಿನಿನ ಕಂಪ್ಯೂಟರ್, ಅದು ಕೇಳುವುದು ಮುಖ್ಯವಾಗಿ ಒಬ್ಬನ ಮಾತನ್ನು, ಇಂಜಿನಿನ ಕೂಲೆಂಟ್ ನೀರಿನಲ್ಲಿ ಮುಳುಗಿರುವ ತಾಪಮಾನ ಸೆನ್ಸರಿನ ಮಾತನ್ನು. ಹಳೇ ಚೋಕ್ ಅವರೇ, ನಿಮ್ಮ ಗುಂಡಿಯನ್ನು ಎಳೆಯುವ ಕೈ ಅದೇ. ಇಂಜಿನ್ 12 ಡಿಗ್ರಿಯಲ್ಲಿರುವಾಗ ಆ ಸೆನ್ಸರ್ 50 ಎಂದು ಹೇಳಿದರೆ ಇಸಿಯು ಚೋಕ್ ಎಳೆಯುವುದೇ ಇಲ್ಲ. ಐದಾರು ಸಲ ಹೊಡೆದಾಗ ಗೋಡೆಯಲ್ಲಿ ಉಳಿದ ಪೆಟ್ರೋಲ್ ಸ್ವಲ್ಪ ಸ್ವಲ್ಪವಾಗಿ ಕೂಡಿ, ಕೊನೆಗೆ ಹೊತ್ತಿಕೊಳ್ಳುವಷ್ಟು ಆವಿ ಆಗುತ್ತದೆ.

ಇದನ್ನು ನೋಡುವುದು ಸುಲಭ. ಸ್ಟಿಯರಿಂಗಿನ ಕೆಳಗಿರುವ ಸಾಕೆಟ್ಟಿಗೆ ಚುಚ್ಚುವ ಬ್ಲೂಟೂತ್ ಸ್ಕ್ಯಾನರ್, ELM327 ಎಂದು ಸಿಗುವಂಥದ್ದು, ಯಾರ ಬಳಿಯಾದರೂ ಇದ್ದರೆ ಒಂದು ದಿನಕ್ಕೆ ತನ್ನಿ. ರಾತ್ರಿಯಿಡೀ ನಿಂತ ಕಾರಿನಲ್ಲಿ, ಬಾನೆಟ್ ತೆರೆಯದೆ, ಸೆಲ್ಫ್ ಹೊಡೆಯದೆ, ಕೀ ಆನ್ ಮಾಡಿ ಕೂಲೆಂಟ್ ತಾಪಮಾನವನ್ನೂ ಒಳಬರುವ ಗಾಳಿಯ ತಾಪಮಾನವನ್ನೂ ಓದಿ. ಇಂಜಿನ್ ಪೂರ್ತಿ ತಣಿದಿರುವ ಆ ಹೊತ್ತಿನಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ಇರಬೇಕು, ನಾಲ್ಕೈದು ಡಿಗ್ರಿಗಿಂತ ಹೆಚ್ಚಿನ ಅಂತರವಿದ್ದರೆ ಒಬ್ಬ ಸುಳ್ಳು ಹೇಳುತ್ತಿದ್ದಾನೆ.

ಬಂಕ್ ಪಕ್ಕದ ಮನೆ | ಜನವರಿ 9, ಬೆಳಿಗ್ಗೆ 7.50

ಎಲ್ಲರೂ ಸೆನ್ಸರ್, ಮೋಟಾರ್ ಎನ್ನುತ್ತಿದ್ದೀರಿ, ನಿಜವಾದ ಕಾರಣ ಪೆಟ್ರೋಲಿನಲ್ಲಿರುವ ಎಥನಾಲ್. 2012ರ ಕಾರು ಇ20ಗೆ ತಯಾರಾದುದಲ್ಲ. ಎಥನಾಲ್ ಚಳಿಯಲ್ಲಿ ಆವಿಯಾಗುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿರುವ ವಿಷಯ.

ಎಡ್ಮಂಟನ್ ಕನ್ನಡಿಗ | ಜನವರಿ 9, ಬೆಳಿಗ್ಗೆ 10.15

ನಾನಿರುವ ಊರಿನಲ್ಲಿ ಮೈನಸ್ 30 ಆಗುತ್ತದೆ. ರಾತ್ರಿ ಇಂಜಿನ್ ಹೀಟರಿನ ತಂತಿಯನ್ನು ಗೋಡೆಯ ಪ್ಲಗ್ಗಿಗೆ ಹಾಕಿ ಮಲಗುತ್ತೇವೆ, ಬಂಕಿನವರೂ ಚಳಿಗಾಲಕ್ಕೆ ಬೇಗ ಆವಿಯಾಗುವ ಪೆಟ್ರೋಲ್ ಮಾರುತ್ತಾರೆ. 12 ಡಿಗ್ರಿಯನ್ನು ಚಳಿ ಎನ್ನುವುದನ್ನು ಓದಿ ಊರಿನ ನೆನಪಾಯಿತು. ಆ ಉಷ್ಣಾಂಶದಲ್ಲಿ ಸರಿಯಾಗಿರುವ ಯಾವ ಪೆಟ್ರೋಲ್ ಕಾರೂ ಹಟ ಮಾಡಬಾರದು, ಹಾಗಾಗಿ ದೋಷ ಹವೆಯಲ್ಲಿಲ್ಲ, ಕಾರಿನಲ್ಲಿಯೇ ಇದೆ.

ತಂತಿ ಹಿಡಿದವಳು | ಜನವರಿ 9, ರಾತ್ರಿ 10.05

ಎಥನಾಲಿನ ಮಾತನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ಬ್ರೆಜಿಲಿನಲ್ಲಿ ಬರೀ ಎಥನಾಲಿನಿಂದ ಓಡುವ ಕಾರುಗಳಿಗೆ ಚಳಿಯಲ್ಲಿ ಸ್ಟಾರ್ಟ್ ಮಾಡಲೆಂದೇ ಬಾನೆಟ್ಟಿನೊಳಗೆ ಪುಟ್ಟ ಪೆಟ್ರೋಲ್ ಟ್ಯಾಂಕ್ ಇಡುತ್ತಿದ್ದರು. ಆದರೆ ಇ20ರಲ್ಲಿ ಐದರಲ್ಲಿ ನಾಲ್ಕು ಪಾಲು ಪೆಟ್ರೋಲೇ ಇರುತ್ತದೆ, ಬೇಗ ಆವಿಯಾಗುವ ಅದರ ಹಗುರವಾದ ಅಂಶ ಹೊತ್ತಿಕೊಳ್ಳಲು ಸಾಕಾಗುತ್ತದೆ. ಎಥನಾಲಿನಲ್ಲಿ ಆಮ್ಲಜನಕ ಇರುವುದರಿಂದ ಅದೇ ಗಾಳಿಗೆ ಸ್ವಲ್ಪ ಹೆಚ್ಚು ಇಂಧನ ಬೇಕಾಗುತ್ತದೆ, ಆಕ್ಸಿಜನ್ ಸೆನ್ಸರ್ ಬಿಸಿಯಾಗುವವರೆಗೆ ಹಳೆಯ ಕಾರಿನ ಇಸಿಯುಗೆ ಆ ಕೊರತೆ ಗೊತ್ತಾಗುವುದಿಲ್ಲ. ಇ10ರಿಂದ ಇ20ಗೆ ಬಂದಾಗ ಆ ಕೊರತೆ ನೂರಕ್ಕೆ ನಾಲ್ಕರಷ್ಟಿರಬಹುದು. ಅಂಚಿನಲ್ಲಿ ನಿಂತಿದ್ದ ಕಾರನ್ನು ಅದು ಆಚೆಗೆ ತಳ್ಳಬಹುದು, ಆದರೆ ಗಟ್ಟಿಯಾಗಿರುವ ಕಾರನ್ನು ಐದಾರು ಸಲ ಹೊಡೆಯುವಂತೆ ಮಾಡಲಾರದು. ಅದೇ ಬಂಕಿನಲ್ಲಿ ಪೆಟ್ರೋಲ್ ಹಾಕಿಸುವ ನೆರೆಯವರ ಹಳೆಯ ಕಾರುಗಳು ಬೆಳಿಗ್ಗೆ ಹೇಗೆ ಸ್ಟಾರ್ಟ್ ಆಗುತ್ತವೆ ಎಂದು ವಿಚಾರಿಸಿ.

ಕಾಫಿತೋಟದವನು | ಜನವರಿ 11, ಬೆಳಿಗ್ಗೆ 7.15

ಸ್ಕ್ಯಾನರನ್ನು ಅಣ್ಣನ ಮಗ ಮೈಸೂರಿನಿಂದ ತಂದುಕೊಟ್ಟ. ಇಂದು ಆರೂವರೆಗೆ ಶೆಡ್ಡಿನ ಥರ್ಮಾಮೀಟರ್ 13 ತೋರಿಸುತ್ತಿತ್ತು. ಫೋನಿನಲ್ಲಿ ಒಳಬರುವ ಗಾಳಿ 14 ಎಂದೂ ಕೂಲೆಂಟ್ 50 ಎಂದೂ ಬಂತು. ನಂಬಿಕೆ ಬರದೆ ಇಂಜಿನಿನ ಮೇಲೆ ಕೈಯಿಟ್ಟೆ, ಬಾವಿಯ ಕಲ್ಲಿನ ಹಾಗೆ ತಣ್ಣಗಿತ್ತು. ದೋಷದ ಕೋಡ್ ಮಾತ್ರ ಒಂದೂ ಇರಲಿಲ್ಲ.

ಪಾನಾ ಗಣಪ | ಜನವರಿ 11, ಬೆಳಿಗ್ಗೆ 9.40

ಹಾಗಾದರೆ ನನಗೊಂದು ಅನುಮಾನ ಮೇಡಂ. ಸೆನ್ಸರ್ ಹೋಗಿದ್ದರೆ ಇಂಜಿನ್ ಲೈಟ್ ಹತ್ತಬೇಕಿತ್ತು. ಬಿಸಿಯಾದ ಮೇಲೂ 37 ಡಿಗ್ರಿ ಹೆಚ್ಚು ತೋರಿಸಿ, ಫ್ಯಾನ್ ಸದಾ ಓಡುತ್ತಲೇ ಇರಬೇಕಿತ್ತು. ಇವರು ದಿನವಿಡೀ ತೊಂದರೆಯಿಲ್ಲ ಎನ್ನುತ್ತಿದ್ದಾರೆ. ಸ್ಕ್ಯಾನರೇ ಚೀಪ್ ಮಾಲಾಗಿರಬಹುದು.

ತಂತಿ ಹಿಡಿದವಳು | ಜನವರಿ 11, ರಾತ್ರಿ 9.10

ಒಳ್ಳೆಯ ಅನುಮಾನ, ಇದಕ್ಕೆ ಲೆಕ್ಕ ಹಾಕಿಯೇ ಉತ್ತರ ಹೇಳಬೇಕು.

ಈ ಸೆನ್ಸರ್ ತಣ್ಣಗಾದಷ್ಟೂ ಹೆಚ್ಚು ರೆಸಿಸ್ಟೆನ್ಸ್ ತೋರಿಸುತ್ತದೆ. ಬಹಳ ಕಾರುಗಳಲ್ಲಿ ಬಳಸುವ ಬಗೆಯಲ್ಲಿ 20 ಡಿಗ್ರಿಗೆ ಸುಮಾರು 2,500 ಓಮ್, 13 ಡಿಗ್ರಿಗೆ 3,300ರ ಆಸುಪಾಸು, 50 ಡಿಗ್ರಿಗೆ 830ರ ಹತ್ತಿರ, 80 ಡಿಗ್ರಿಗೆ ಸುಮಾರು 320 ಇರುತ್ತದೆ. ಈಗ ಸೆನ್ಸರ್ ಸರಿಯಾಗಿಯೇ ಇದ್ದು, ಅದರ ಎರಡು ಪಿನ್ನುಗಳ ನಡುವೆ ಕಪ್ಲರಿನೊಳಗೆ ತೇವ ಸೇರಿ 1,100 ಓಮಿನ ಒಂದು ಕಳ್ಳದಾರಿ ಹುಟ್ಟಿಕೊಂಡಿದೆ ಎಂದುಕೊಳ್ಳಿ. ತಣ್ಣಗಿದ್ದಾಗ 3,300ರ ಪಕ್ಕದಲ್ಲಿ 1,100 ಸೇರಿದರೆ ಇಸಿಯುಗೆ ಕಾಣುವುದು 825 ಓಮ್, ಅಂದರೆ 50 ಡಿಗ್ರಿ. ಬಿಸಿಯಾಗಿ 80 ಡಿಗ್ರಿ ತಲುಪಿದಾಗ 320ರ ಪಕ್ಕದಲ್ಲಿ ಅದೇ 1,100 ಸೇರಿದರೆ ಕಾಣುವುದು 250ರ ಹತ್ತಿರ, ಅಂದರೆ 88ರಿಂದ 90 ಡಿಗ್ರಿ. ಚಳಿಯಲ್ಲಿ 37 ಡಿಗ್ರಿ ಸುಳ್ಳು ಹೇಳುವ ಅದೇ ದೋಷ ಬಿಸಿಯಲ್ಲಿ ಎಂಟು ಹತ್ತು ಡಿಗ್ರಿಗೆ ಇಳಿಯುತ್ತದೆ, ಡ್ಯಾಶ್‌ಬೋರ್ಡಿನ ಮುಳ್ಳು ಅದನ್ನು ತೋರಿಸುವುದೂ ಇಲ್ಲ.

ಕೋಡ್ ಏಕೆ ಬರಲಿಲ್ಲ ಎಂಬುದಕ್ಕೂ ಇದೇ ಉತ್ತರ. ತಂತಿ ಕಡಿದರೆ P0118, ಪೂರ್ತಿ ಶಾರ್ಟ್ ಆದರೆ P0117 ಎಂದು ಇಸಿಯು ಬರೆದಿಡುತ್ತದೆ. ಆದರೆ 50 ಡಿಗ್ರಿ ಎಂಬುದು ಯಾವುದೇ ಇಂಜಿನ್ ದಿನಕ್ಕೊಮ್ಮೆ ದಾಟಿಹೋಗುವ ಸಂಖ್ಯೆ. ಅದನ್ನು ಸುಳ್ಳೆಂದು ಸಂಶಯಪಡಲು ಬೇರೆ ಸೆನ್ಸರಿನ ಜೊತೆ ಹೋಲಿಸಿ ನೋಡುವ ಬುದ್ಧಿ ಬೇಕು, ಅದು ಎಲ್ಲ ಹಳೆಯ ಇಸಿಯುಗಳಲ್ಲಿ ಇಲ್ಲ.

ಸುಳ್ಯದಲ್ಲಿಯೂ ಇದೇ ಲೆಕ್ಕದ ಪ್ರಕಾರ ಸೆನ್ಸರ್ 52ರ ಹತ್ತಿರವೇ ಹೇಳಿರಬೇಕು. ಸುಳ್ಳು ಎರಡೂ ಕಡೆ ಒಂದೇ, ಆದರೆ ಅಲ್ಲಿಯ ಬೆಚ್ಚಗಿನ ಗೋಡೆಯ ಮೇಲೆ ಆ ಕಡಿಮೆ ಪೆಟ್ರೋಲೂ ಹೊತ್ತಿಕೊಳ್ಳುವಷ್ಟು ಆವಿಯಾಯಿತು.

ಇಂಜಿನ್ ತಣ್ಣಗಿರುವಾಗಲೇ ಸೆನ್ಸರಿನ ಕಪ್ಲರ್ ಬಿಚ್ಚಿ ಒಳಗೆ ನೋಡಿ. ಸೆನ್ಸರನ್ನು ಬಿಚ್ಚಬೇಡಿ, ಕಪ್ಲರ್ ಮಾತ್ರ. ಮಲ್ಟಿಮೀಟರಿನ ಎರಡು ಕಡ್ಡಿಗಳನ್ನು ಸೆನ್ಸರಿನ ಪಿನ್ನುಗಳಿಗೆ ಹಿಡಿದು ಓದಿ, ಆಮೇಲೆ ಕಡ್ಡಿಗಳನ್ನು ಅದಲುಬದಲು ಮಾಡಿ ಮತ್ತೆ ಓದಿ. ಸೆನ್ಸರೇ ಕೆಟ್ಟಿದ್ದರೆ ಎರಡೂ ಸಲ ಒಂದೇ ಸಂಖ್ಯೆ ಬರುತ್ತದೆ. ತೇವದ ಕಳ್ಳದಾರಿಯಾದರೆ ಸಂಖ್ಯೆ ಒಂದೆಡೆ ನಿಲ್ಲುವುದಿಲ್ಲ, ಅದಲುಬದಲು ಮಾಡಿದಾಗ ಬೇರೆಯೇ ಬರುತ್ತದೆ. ಕೊನೆಯ ಪರೀಕ್ಷೆಯಾಗಿ ಎಲೆಕ್ಟ್ರಾನಿಕ್ಸ್ ಅಂಗಡಿಯಿಂದ 3.3 ಕಿಲೋ ಓಮಿನ ಒಂದು ರೆಸಿಸ್ಟರ್ ತಂದು, ಅದರ ಎರಡು ಕಾಲುಗಳನ್ನು ತಂತಿಯ ಕಡೆಯ ಕಪ್ಲರಿನಲ್ಲಿ ಸಿಕ್ಕಿಸಿ ಸ್ಟಾರ್ಟ್ ಮಾಡಿ. ಅರ್ಧ ನಿಮಿಷ ಓಡಿಸಿ ನಿಲ್ಲಿಸಿಬಿಡಿ. ಅದನ್ನು ಸಿಕ್ಕಿಸಿಕೊಂಡು ರಸ್ತೆಗೆ ಇಳಿಯಬಾರದು, ಇಂಜಿನ್ ಎಷ್ಟೇ ಕಾದರೂ ಇಸಿಯು 13 ಡಿಗ್ರಿ ಎಂದೇ ತಿಳಿದು ಫ್ಯಾನ್ ಹಾಕದೆ ಇರಬಹುದು.

ಕಾಫಿತೋಟದವನು | ಜನವರಿ 13, ಬೆಳಿಗ್ಗೆ 8.45

ಬೆಳಿಗ್ಗೆ ಆರಕ್ಕೇ ಟಾರ್ಚ್ ಹಿಡಿದು ಕುಳಿತೆ. ಕಪ್ಲರ್ ಬಿಗಿಯಾಗಿತ್ತು, ಕಳಚಿದಾಗ ಒಳಗಿನಿಂದ ಹಸಿರು ಬಣ್ಣದ ಒಂದು ಹನಿ ಬೆರಳಿಗೆ ಅಂಟಿತು. ಒಂದು ಪಿನ್ನಿನ ಬುಡದಲ್ಲಿ ಹಿಟ್ಟಿನಂಥ ಹಸಿರುಬಿಳಿ ಪುಡಿ ಕಟ್ಟಿಕೊಂಡಿತ್ತು. ಮೀಟರ್ 790ರಿಂದ 860ರ ನಡುವೆ ಓಲಾಡುತ್ತಿತ್ತು, ಕಡ್ಡಿ ಅದಲುಬದಲು ಮಾಡಿದಾಗ 1,050 ಎಂದು ಶುರುವಾಗಿ ನಿಧಾನವಾಗಿ ಇಳಿಯತೊಡಗಿತು. ರೆಸಿಸ್ಟರ್ ಸಿಕ್ಕಿಸಿ ಕೀ ತಿರುಗಿಸಿದೆ, ಎರಡನೆಯ ಸೆಕೆಂಡಿಗೇ ಇಂಜಿನ್ ಹಿಡಿದುಕೊಂಡಿತು. ಒಂದು ತಿಂಗಳಲ್ಲಿ ಆ ಕಾರು ಹಾಗೆ ಸ್ಟಾರ್ಟ್ ಆದದ್ದನ್ನು ನಾನು ಕಂಡಿರಲಿಲ್ಲ, ಒಳಗಿನಿಂದ ಹೆಂಡತಿಯೂ ಹೊರಗೆ ಬಂದು ನೋಡಿದಳು.

ಆಮೇಲೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ತಲೆಗೂದಲು ಒಣಗಿಸುವ ಯಂತ್ರದಿಂದ ಒಣಗಿಸಿ, ಪಿನ್ನುಗಳು ಪೂರ್ತಿ ತಣಿದ ಮೇಲೆ ಅಳೆದರೆ 3,200 ಬಂತು, ಸಂಖ್ಯೆ ಅಲುಗಾಡಲಿಲ್ಲ. ಇನ್ನು ಇದನ್ನು ಹೀಗೆಯೇ ಬಿಡಬಹುದೇ?

ಪಾನಾ ಗಣಪ | ಜನವರಿ 13, ಬೆಳಿಗ್ಗೆ 10.30

ಮೋಟಾರ್ ಅಲ್ಲ ಎಂದು ಒಪ್ಪಿಕೊಂಡೆ. ಸಿರಿಂಜಿನಲ್ಲಿ ಪೆಟ್ರೋಲ್ ಬಿಟ್ಟಾಗ ಈ ಗಾಡಿಯೂ ಸ್ಟಾರ್ಟ್ ಆಗುತ್ತಿತ್ತು, ನಾನು ಮೋಟಾರ್ ಬದಲಾಯಿಸಿಬಿಡುತ್ತಿದ್ದೆ. ಆದರೆ ಹಸಿರು ಹನಿ ಬಂದಿದೆ ಎಂದರೆ ಅದು ಮಳೆಯ ನೀರಲ್ಲ ಸರ್, ಕೂಲೆಂಟ್. ಒಣಗಿಸಿ ಬಿಟ್ಟರೆ ಹದಿನೈದು ದಿನದಲ್ಲಿ ಮತ್ತೆ ಬರುತ್ತದೆ.

ತಂತಿ ಹಿಡಿದವಳು | ಜನವರಿ 13, ರಾತ್ರಿ 8.40

ಗಣಪ ಅವರ ಮಾತೇ ನನ್ನ ಮಾತು. ಪಿನ್ನುಗಳು ಪ್ಲಾಸ್ಟಿಕ್ಕನ್ನು ದಾಟಿ ಬರುವ ಜಾಗದಲ್ಲಿ ಕೂದಲೆಳೆಯ ಬಿರುಕು ಬಿಟ್ಟು, ಇಂಜಿನ್ ಬಿಸಿಯಾಗಿ ನೀರಿನ ಪ್ರೆಷರ್ ಏರಿದಾಗ ಕೂಲೆಂಟ್ ಒಳಗಿನಿಂದ ಕಪ್ಲರಿಗೆ ಜಿನುಗುತ್ತಿರಬಹುದು, ಅಥವಾ ಹತ್ತಿರದ ಹೋಸ್ ಪೈಪಿನಿಂದ ಹರಿದು ಬಂದಿರಬಹುದು. ಹೋಸಿನ ಕ್ಲಿಪ್ಪುಗಳ ಕೆಳಗೆ ಹಸಿರು ಕಲೆ ಇದೆಯೇ ಎಂದು ನೋಡಿ. ಎರಡರಲ್ಲಿ ಯಾವುದಾದರೂ ಸೆನ್ಸರ್ ಹೊಸದು ಹಾಕುವುದು ಒಳ್ಳೆಯದು, ಅದರ ವಾಷರೂ ಹೊಸದಿರಲಿ. ಇಂಜಿನ್ ತಣ್ಣಗಿರುವಾಗಲೇ ಬಿಚ್ಚಿ. ಚೆಲ್ಲಿದಷ್ಟು ಕೂಲೆಂಟ್ ತುಂಬಿಸಿ, ಒಳಗೆ ಸೇರಿದ ಗಾಳಿ ತೆಗೆಸಿ.

ಹಾಸನದ ಟೀಚರ್ | ಜನವರಿ 18, ಸಂಜೆ 5.20

ಇದನ್ನೆಲ್ಲ ಓದಿ ನಾನೂ ಸ್ಕ್ಯಾನರ್ ಹಾಕಿಸಿ ನೋಡಿದೆ. ನನ್ನ ಕಾರಿನಲ್ಲಿ ಬೆಳಿಗ್ಗೆ ಗಾಳಿಯೂ ಕೂಲೆಂಟೂ 15 ಎಂದೇ ತೋರಿಸುತ್ತವೆ. ಆದರೂ ಎರಡು ಮೂರು ಸಲ ಹೊಡೆಯಬೇಕಾಗುತ್ತದೆ, ಶನಿವಾರ ನಿಲ್ಲಿಸಿ ಮಂಗಳವಾರ ತೆಗೆದರೆ ಇನ್ನೂ ಕಷ್ಟ. ನಾನೂ ಸೆನ್ಸರ್ ಬದಲಾಯಿಸಲೇ?

ತಂತಿ ಹಿಡಿದವಳು | ಜನವರಿ 18, ರಾತ್ರಿ 9.00

ಬೇಡ ಟೀಚರ್. ನಿಮ್ಮ ಸೆನ್ಸರ್ ನಿಜ ಹೇಳುತ್ತಿದೆ, ನಿಂತ ದಿನಗಳು ಹೆಚ್ಚಿದಷ್ಟೂ ತೊಂದರೆ ಹೆಚ್ಚುತ್ತಿದೆ. ಗಣಪ ಅವರು ಮೊದಲ ದಿನ ಹೇಳಿದ ವಾಲ್ವಿನ ಕಥೆ ನಿಮ್ಮ ಕಾರಿಗೆ ಹೊಂದುವ ಹಾಗೆ ಕಾಣುತ್ತದೆ. ಕೀ ನಾಲ್ಕು ಸಲ ಆನ್ ಮಾಡಿ ಆಫ್ ಮಾಡುವ ಪರೀಕ್ಷೆ ಮಾಡಿ. ಅದರಿಂದ ಮೊದಲ ಸಲಕ್ಕೇ ಸ್ಟಾರ್ಟ್ ಆದರೆ ಪೈಪಿಗೆ ಪ್ರೆಷರ್ ಗೇಜ್ ಹಾಕಿಸಿ. ಸಾಮಾನ್ಯವಾಗಿ 3ರಿಂದ 4 ಬಾರ್ ಇರುವ ಪ್ರೆಷರ್ ಇಂಜಿನ್ ನಿಲ್ಲಿಸಿದ ಕೆಲವೇ ನಿಮಿಷಗಳಲ್ಲಿ ಸೊನ್ನೆಗೆ ಇಳಿದರೆ, ಸೋರುತ್ತಿರುವುದು ವಾಲ್ವೋ ಇಂಜೆಕ್ಟರೋ ಎಂದು ಹುಡುಕಬೇಕು. ಇಂಜೆಕ್ಟರ್ ಸೋರುತ್ತಿದ್ದರೆ ಆ ಸಿಲಿಂಡರಿನ ಪ್ಲಗ್ ಒದ್ದೆಯಾಗಿರುತ್ತದೆ.

ಕಾಫಿತೋಟದವನು | ಜನವರಿ 24, ಬೆಳಿಗ್ಗೆ 8.05

ಹೊಸ ಸೆನ್ಸರ್ ಹಾಕಿಸಿ ಒಂಬತ್ತು ದಿನವಾಯಿತು. ಇಂದು ಶೆಡ್ಡಿನಲ್ಲಿ 9 ಡಿಗ್ರಿ ಇತ್ತು, ಫೋನಿನಲ್ಲಿ ಗಾಳಿ 10, ಕೂಲೆಂಟ್ 10. ಎಂಟು ದಿನ ಮೊದಲ ಸಲಕ್ಕೇ ಸ್ಟಾರ್ಟ್ ಆಗಿತ್ತು, ಇಂದು ಮಾತ್ರ ಎರಡನೆಯ ಸಲಕ್ಕೆ ಹಿಡಿಯಿತು. ಹೋಸಿನ ಕ್ಲಿಪ್ಪುಗಳ ಕೆಳಗೆ ಕಲೆ ಕಾಣಲಿಲ್ಲ, ಹಾಗಾಗಿ ಸೋರುತ್ತಿದ್ದುದು ಹಳೆಯ ಸೆನ್ಸರಿನಿಂದಲೇ ಇರಬೇಕು. ನೆರೆಯವರ 2010ರ ಕಾರು ಇದೇ ಪೆಟ್ರೋಲಿನಲ್ಲಿ ಮೊದಲ ಸಲಕ್ಕೇ ಸ್ಟಾರ್ಟ್ ಆಗುತ್ತದೆಯಂತೆ.

ಬಂಕ್ ಪಕ್ಕದ ಮನೆ | ಜನವರಿ 24, ಬೆಳಿಗ್ಗೆ 9.25

9 ಡಿಗ್ರಿಯಲ್ಲಿ ಎರಡನೆಯ ಸಲಕ್ಕೆ ಹಿಡಿದಿದೆಯಲ್ಲ, ಆ ಒಂದು ಸಲ ಎಥನಾಲಿನದೇ ಎಂದು ನಾನು ಈಗಲೂ ಹೇಳುತ್ತೇನೆ.

ತಂತಿ ಹಿಡಿದವಳು | ಜನವರಿ 24, ರಾತ್ರಿ 8.30

ಇರಬಹುದು, ಅಲ್ಲವೆನ್ನಲು ನನ್ನ ಬಳಿ ಆಧಾರವಿಲ್ಲ. ಇಂಜೆಕ್ಟರುಗಳ ಬಾಯಿ ಸ್ವಲ್ಪ ಕಟ್ಟಿದ್ದರೂ ಹಾಗೆ ಆಗಬಹುದು. ಕಾಫಿತೋಟದವರೇ, 10 ಡಿಗ್ರಿಗಿಂತ ಕೆಳಗಿಳಿದ ಬೆಳಗುಗಳಲ್ಲಿ ಎಷ್ಟನೆಯ ಸಲಕ್ಕೆ ಹಿಡಿಯಿತೆಂದು ಫೆಬ್ರವರಿಯವರೆಗೆ ಬರೆದಿಟ್ಟು ಇಲ್ಲಿ ಹಾಕಿ.